ತೆಳು ಗರಿಗರಿ ದೋಸೆಗೆ ಕಾವಲಿ ಎಷ್ಟು ಕಾಯಬೇಕು? ಹೊಸ ಬೀಡಿನ ಕಾವಲಿ ಮಾತು ಕೇಳ್ತಿಲ್ಲ

ಗರಿಗರಿ_ಬೇಕು
ಎಲ್ಲರಿಗೂ ನಮಸ್ಕಾರ. ಹೊಸದಾಗಿ 12 ಇಂಚಿನ ಬೀಡಿನ ಕಾವಲಿ ತಂದಿದ್ದೇನೆ. ಅಂಗಡಿಯವರು "ಪಳಗಿಸಿಯೇ ಕೊಡ್ತೀವಿ, ತೊಳೆದು ಹಾಗೇ ದೋಸೆ ಹುಯ್ಯಿರಿ" ಅಂದರು. ಹಿಟ್ಟಿನದು ತಕರಾರಿಲ್ಲ. ಅದೇ ಹಿಟ್ಟು ಹಳೇ ನಾನ್‌ಸ್ಟಿಕ್‌ ಮೇಲೆ ಸಲೀಸಾಗಿ ಏಳುತ್ತದೆ, ಆದರೆ ದೋಸೆ ಮೆತ್ತಗೆ. ನನಗೆ ಬೇಕಿರುವುದು ತೆಳ್ಳಗೆ, ಮುರಿದರೆ ಸದ್ದಾಗುವ ದೋಸೆ.

ಆಗ್ತಿರೋದು ಹೀಗೆ. ಮೊದಲನೆಯದು ಕಾವಲಿಗೆ ಕಚ್ಚಿಕೊಳ್ಳುತ್ತದೆ, ಕೆರೆದು ತೆಗೆಯಬೇಕು. ಎಣ್ಣೆ ಜಾಸ್ತಿ ಹಾಕಿ ಉರಿ ಏರಿಸಿದರೆ ಎರಡನೆಯದು ಹರಡುವುದೇ ಇಲ್ಲ. ಹಿಟ್ಟು ಸೌಟಿನ ಜೊತೆಗೇ ಎದ್ದು ಬಂದು ಮುದ್ದೆಯಾಗುತ್ತದೆ. ಮೂರನೆಯದು ಹೇಗೋ ಹರಡಿದರೂ ನಡುವೆ ಕರಕಲು, ಅಂಚು ಬಿಳಿ.

"ಕಾವಲಿ ಚೆನ್ನಾಗಿ ಕಾದಿರಬೇಕು" ಅಂತ ಎಲ್ಲರೂ ಹೇಳ್ತಾರೆ. ಚೆನ್ನಾಗಿ ಅಂದರೆ ಎಷ್ಟು? ಗೊತ್ತಾಗೋದು ಹೇಗೆ? ಮತ್ತೆ ಅಂಗಡಿಯವರು ಪಳಗಿಸಿ ಕೊಟ್ಟದ್ದನ್ನ ನಾನು ಇನ್ನೊಮ್ಮೆ ಪಳಗಿಸಬೇಕಾ?

ತುಂಟ_ತುಮಕೂರು
ಎಲ್ಲರ ಮನೆ ದೋಸೆನೂ ತೂತೇ. ಬಿಡಿ ಅಕ್ಕಾ, ಉಪ್ಪಿಟ್ಟು ಮಾಡಿ.

ಶಿರಸಿ_ಸೌಟು
ಇದಕ್ಕೆ ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳೋದು? ಕಾವಲಿ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ. ಹನಿಗಳು ಗೋಲಿ ಥರ ಉರುಳಾಡಿದರೆ ಕಾವಲಿ ರೆಡಿ. ತಕ್ಷಣ ಹಿಟ್ಟು ಹುಯ್ದುಬಿಡಿ. ಅಡುಗೆ ವೀಡಿಯೋಗಳಲ್ಲೆಲ್ಲ ಇದನ್ನೇ ತೋರಿಸ್ತಾರೆ.

ಹಳೇ_ಹೋಟೆಲ್_ಭಟ್ಟ
ಸೌಟು ಅವರೇ, ನೀರು ಚಿಮುಕಿಸಿ ನೋಡೋದು ಸರಿ. ಆದರೆ ಹನಿ ಉರುಳಾಡುವಾಗ ಹಿಟ್ಟು ಹುಯ್ದರೆ ಅಕ್ಕ ಹೇಳಿದ ಎರಡನೇ ದೋಸೆಯೇ ಆಗುತ್ತದೆ. ವೀಡಿಯೋಗಳಲ್ಲಿ ತೋರಿಸೋದು ಸ್ಟೀಲ್ ಬಾಣಲೆಗೆ. ಅಲ್ಲಿ ಹರಡುವ ಕೆಲಸ ಇರೋದಿಲ್ಲ.

ಹನಿ ಉರುಳೋದು ಯಾಕೆ ಅಂದರೆ, ಕಾವಲಿ ವಿಪರೀತ ಕಾದಾಗ ಹನಿಯ ಅಡಿಯಲ್ಲೇ ಆವಿ ಎದ್ದು ಅದನ್ನ ಮೇಲೆ ಎತ್ತಿ ಹಿಡಿಯುತ್ತದೆ. ಹನಿ ಕಬ್ಬಿಣವನ್ನ ಮುಟ್ಟುವುದೇ ಇಲ್ಲ. ಹೆಚ್ಚುಕಮ್ಮಿ 200 ಡಿಗ್ರಿ ಹತ್ತಿರ, ಅದರ ಮೇಲೆ ಹೀಗಾಗುತ್ತದೆ. ಆ ಕಾವಿಗೆ ಹಿಟ್ಟು ಬಿದ್ದರೆ ಅಡಿಭಾಗ ಆ ಕ್ಷಣದಲ್ಲೇ ಬೆಂದು ಗಟ್ಟಿಯಾಗುತ್ತದೆ. ಸೌಟು ಎರಡನೇ ಸುತ್ತು ಬರುವಷ್ಟರಲ್ಲಿ ಮೇಲಿನ ಹಸಿ ಹಿಟ್ಟು ಕೆಳಗಿನ ಬೆಂದ ಹಿಟ್ಟನ್ನ ಎಳೆದುಕೊಂಡು ಬರುತ್ತದೆ. ಮುದ್ದೆ ಆಗದೆ ಇನ್ನೇನು?

ತೆಳು ದೋಸೆಗೆ ಒಂದೇ ಕಾವು ಸಾಲದು, ಎರಡು ಬೇಕು. ಹರಡುವಾಗ ಕಡಿಮೆ, ಹರಡಿದ ಮೇಲೆ ಜಾಸ್ತಿ. ಹರಡುವ ಕಾವು ಅಂದಾಜು 160ರಿಂದ 180. ಆಗ ಹನಿ ಬಿದ್ದರೆ ಚುಂಯ್ ಅಂತ ಸದ್ದು ಮಾಡಿ, ಬಿದ್ದ ಜಾಗದಲ್ಲೇ ಕುದಿದು ಒಂದೆರಡು ಸೆಕೆಂಡಿನಲ್ಲಿ ಆರುತ್ತದೆ. ಸದ್ದಿಲ್ಲದೆ ಕೂತು ಮೆಲ್ಲಗೆ ಗುಳ್ಳೆ ಎದ್ದರೆ ಕಾವು ಸಾಲದು. ಉರುಳಿ ಓಡಿದರೆ ಜಾಸ್ತಿ ಆಯಿತು. ಹರಡಿ ಆದಮೇಲೆ ಉರಿ ಏರಿಸಿ.

ಗರಿಗರಿ_ಬೇಕು
ಓಹ್, ಹರಡಿದ ಮೇಲೆ ಉರಿ ಏರಿಸಬೇಕಾ! ನಾನು ಉಲ್ಟಾ ಕೇಳಿದ್ದೆ. ಮೊದಲು ಜೋರು ಉರಿ, ಹಿಟ್ಟು ಹಾಕಿದ ಮೇಲೆ ಸಣ್ಣ ಮಾಡಿ ಅಂತ.

ಆದರೆ ಭಟ್ರೇ, ಒಂದು ದೋಸೆ ತೆಗೆದ ಮೇಲೆ ಕಾವಲಿ ಜೋರಾಗಿ ಕಾದಿರುತ್ತಲ್ಲ? ಮುಂದಿನದಕ್ಕೆ ಆರೋವರೆಗೂ ಕಾಯ್ತಾ ಕೂತರೆ ಮನೆಯವರು ತಟ್ಟೆ ಬಡಿಯೋಕೆ ಶುರು ಮಾಡ್ತಾರೆ.

ಹಳೇ_ಹೋಟೆಲ್_ಭಟ್ಟ
ಅದಕ್ಕೇ ಹೋಟೆಲಿನಲ್ಲಿ ನೀರು ಎರಚಿ ಪೊರಕೆಯಿಂದ ಗುಡಿಸೋದು. ಜನ ಅದನ್ನ ಬರೀ ಕ್ಲೀನ್ ಮಾಡೋದು ಅಂದುಕೊಂಡಿದ್ದಾರೆ. ಹಳೇ ಚೂರು ಹೋಗುವುದೂ ಹೌದು. ಆದರೆ ದೊಡ್ಡ ಕೆಲಸ ಮೇಲ್ಮೈಯ ಕಾವು ಇಳಿಸುವುದು. ನೀರು ಆವಿಯಾಗುವಾಗ ಮೇಲಿನ ಬಿಸಿಯನ್ನ ಎಳೆದುಕೊಂಡು ಹೋಗುತ್ತದೆ. ಒಳಗೆ ದಪ್ಪ ಕಬ್ಬಿಣದಲ್ಲಿ ಬಿಸಿ ಹಾಗೇ ಇರುತ್ತದೆ. ಹಿಟ್ಟು ಹರಡುವಷ್ಟು ಹೊತ್ತು ಮೇಲೆ ತಣ್ಣಗಿರುತ್ತದೆ, ಆಮೇಲೆ ಒಳಗಿನ ಬಿಸಿ ಮೇಲೆ ಬಂದು ದೋಸೆ ಕೆಂಪಾಗುತ್ತದೆ. ಎರಡು ಕಾವೂ ತಾನಾಗಿಯೇ ಸಿಗುತ್ತದೆ.

ಮನೆಯಲ್ಲಿ ಪೊರಕೆ ಬೇಡ. ಉರಿ ಸಣ್ಣ ಮಾಡಿ, ಬೆರಳಿನಿಂದ ಒಂದಿಷ್ಟು ನೀರು ಚಿಮುಕಿಸಿ, ಮಡಿಸಿದ ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿ. ಸದ್ದು ನಿಂತು, ಹಬೆ ಹೋಗಿ, ಕಾವಲಿ ಒಣಗಿದ ಕೂಡಲೇ ಹಿಟ್ಟು. ಒದ್ದೆ ಇರುವಾಗಲೇ ಹುಯ್ದರೆ ಹಿಟ್ಟು ಹಿಡಿಯುವುದಿಲ್ಲ. ತುಂಬಾ ಹೊತ್ತು ಬಿಟ್ಟರೆ ಮತ್ತೆ ಕಾವೇರುತ್ತದೆ.

ಮಲ್ಲೇಶ್ವರಂ_ಅಜ್ಜಿ
ಕಾದ ಬೀಡಿಗೆ ನೀರು ಹಾಕಬೇಡಮ್ಮ, ಸೀಳಿಬಿಡುತ್ತೆ. ನಮ್ಮ ಪಕ್ಕದ ಮನೆಯ ಹುಡುಗಿ ಒಲೆಯಿಂದ ಇಳಿಸಿದ ಕಾವಲೀನ ಹಾಗೇ ಸಿಂಕಿಗಿಟ್ಟು ನಲ್ಲಿ ಬಿಟ್ಟಳು. ಟಪ್ ಅಂತು. ಅಂಚಿಂದ ನಡುವಿನವರೆಗೂ ಬಿರುಕು. ಅದರ ಅತ್ತೆ ತವರಿಂದ ತಂದಿದ್ದ ಕಾವಲಿ.

ಹಳೇ_ಹೋಟೆಲ್_ಭಟ್ಟ
ಅಜ್ಜಿ, ನಲ್ಲಿ ಕೆಳಗೆ ಹಿಡಿದರೆ ಖಂಡಿತ ಸೀಳುತ್ತದೆ. ಬೀಡು ಪೆಡಸು, ಒಂದು ಕಡೆ ದಿಢೀರ್ ತಣ್ಣಗಾದರೆ ಎಳೆತ ತಡೆಯಲ್ಲ. ಹೋಟೆಲಿನಲ್ಲಿ ಇರೋದು ಬೀಡಲ್ಲ, ದಪ್ಪ ಉಕ್ಕಿನ ಹಲಗೆ. ಅದು ಚೊಂಬುಗಟ್ಟಲೆ ನೀರು ತಡೆದುಕೊಳ್ಳುತ್ತದೆ. ಮನೆಯಲ್ಲಿ ಚಿಮುಕಿಸಬೇಕು, ಸುರಿಯಬಾರದು. ಹೊಗೆ ಬರುವಷ್ಟು ಕಾದಿದ್ದರೆ ಚಿಮುಕಿಸುವುದೂ ಬೇಡ. ಒಲೆ ಆರಿಸಿ ಸ್ವಲ್ಪ ಹೊತ್ತು ಬಿಡಿ.

ಮೀಟರ್_ಮನುಷ್ಯ
ನಾನು ಫ್ಯಾಕ್ಟರಿಯಲ್ಲಿ ಮೇಂಟೆನೆನ್ಸ್ ಕೆಲಸದಲ್ಲಿದ್ದೇನೆ. ಕೈಯಲ್ಲಿ ಇನ್‌ಫ್ರಾರೆಡ್ ಥರ್ಮಾಮೀಟರ್ ಇರುತ್ತದೆ, ಟ್ರಿಗರ್ ಒತ್ತಿದರೆ ದೂರದಿಂದಲೇ ಬಿಸಿ ತೋರಿಸುವ ಗನ್. ಅದನ್ನ ಮನೆಗೆ ತಂದು ನಮ್ಮ ಬೀಡಿನ ಕಾವಲಿ ಮೇಲೆ ಹಿಡಿದೆ. ಒಲೆಯ ಚಿಕ್ಕ ಬರ್ನರ್, ಉರಿ ಜೋರು. ನಡುವೆ 220 ದಾಟಿದಾಗ ಅಂಚು ಇನ್ನೂ 150ರ ಕೆಳಗೇ ಇತ್ತು! ಗರಿಗರಿ ಅವರ ಮೂರನೇ ದೋಸೆಗೆ ಉತ್ತರ ಇಲ್ಲಿದೆ. ನಡುವೆ ಕರಕಲು, ಅಂಚು ಬಿಳಿ ಆಗಲೇಬೇಕು.

ಕಬ್ಬಿಣ ಬಿಸಿಯನ್ನ ಹಿಡಿದಿಟ್ಟುಕೊಳ್ಳೋದರಲ್ಲಿ ಗಟ್ಟಿಗ. ಹರಡೋದರಲ್ಲಿ ಸೋಮಾರಿ. ಅಲ್ಯೂಮಿನಿಯಂ ಹಾಗಲ್ಲ, ಬೇಗ ಹರಡುತ್ತದೆ. ಹಾಗಾಗಿ ಬೀಡಿನ ಕಾವಲಿಯನ್ನ ಜೋರು ಉರಿಯಲ್ಲಿ ಎರಡು ನಿಮಿಷ ಕಾಯಿಸಿದರೆ ನಡುವೆ ಮಾತ್ರ ಕಾಯುತ್ತದೆ. ದೊಡ್ಡ ಬರ್ನರ್ ಮೇಲೆ ಸಣ್ಣದಕ್ಕಿಂತ ಸ್ವಲ್ಪ ಮೇಲಿನ ಉರಿಯಲ್ಲಿ ಏಳೆಂಟು ನಿಮಿಷ ಬಿಟ್ಟಾಗ ವ್ಯತ್ಯಾಸ ಅರ್ಧಕ್ಕಿಂತ ಕಮ್ಮಿ ಆಯಿತು.

ಶಿರಸಿ_ಸೌಟು
ದೋಸೆ ಹುಯ್ಯೋಕೆ ಗನ್ ಹಿಡಿದು ನಿಲ್ಲೋ ಕಾಲ ಬಂತಲ್ಲಪ್ಪ.

ತುಂಟ_ತುಮಕೂರು
ಕೈ ಮೇಲೆತ್ತು, ಇಲ್ಲಾಂದ್ರೆ ಮಗುಚಿ ಹಾಕ್ತೀನಿ.

ಬೇಲೂರು_ಬಾಣಲೆ
ಗನ್ ನಂಬಬೇಡಿ ಮೀಟರ್ ಸಾರ್. ನಮ್ಮನೇಲೂ ಒಂದಿದೆ. ಸ್ಟೀಲ್ ತವಾ ಮೇಲೆ ನೀರು ಕುದೀತಾ ಇದ್ದಾಗ ಅದು 70 ಅಂತ ತೋರಿಸ್ತು. ದಂಡ.

ಮೀಟರ್_ಮನುಷ್ಯ
ಗನ್ ದಂಡ ಅಲ್ಲ, ಹೊಳೆಯುವ ಸ್ಟೀಲ್ ಅದನ್ನ ಮೋಸ ಮಾಡುತ್ತದೆ. ಹೊಳಪಿನ ಲೋಹ ತನ್ನ ಶಾಖ ಕಡಿಮೆ ಸೂಸುತ್ತದೆ, ಸುತ್ತಲಿನದನ್ನ ಕನ್ನಡಿ ಹಾಗೆ ತೋರಿಸುತ್ತದೆ. ಅದಕ್ಕೇ ಕಮ್ಮಿ ಓದು ಬಂದಿದ್ದು. ಪಳಗಿದ ಕಪ್ಪು ಕಾವಲಿ ಮೇಲೆ ಓದು ನಂಬಬಹುದು. ಸ್ಟೀಲ್ ಆದರೆ ಹನಿ ನೀರೇ ವಾಸಿ.

ಹೊಸ_ಸೊಸೆ
ನನ್ನದೂ ಇದೇ ಸಮಸ್ಯೆ! ನೀರ್ ದೋಸೆ ಕಾವಲಿಯಿಂದ ಏಳೋದೇ ಇಲ್ಲ. ಭಟ್ಟರು ಹೇಳಿದ ಹಾಗೆ ಕಾವಲಿ ಒರೆಸಿ ತಣ್ಣಗೆ ಮಾಡಿ ಹುಯ್ದೆ. ಇನ್ನೂ ಕೆಟ್ಟುಹೋಯ್ತು. ಒಂದೇ ಒಂದು ತೂತು ಬೀಳಲಿಲ್ಲ.

ಕರಾವಳಿ_ಕಾವಲಿ
ಅಯ್ಯೋ ಮಾರಾಯ್ರೆ, ಇಲ್ಲಿ ಮಾತಾಡುವುದು ಉದ್ದಿನ ದೋಸೆಯದ್ದು. ನೀರ್ ದೋಸೆಗೆ ಪೂರ್ತಿ ಉಲ್ಟಾ. ಅದನ್ನು ಸೌಟಿನಿಂದ ತಿರುಗಿಸಿ ಹರಡುವುದಿಲ್ಲ, ಎರೆಯುವುದು. ಹಿಟ್ಟು ನೀರಿನಷ್ಟೇ ತೆಳು. ಕಾವಲಿ ಜೋರು ಕಾದಿರಬೇಕು, ಬಿದ್ದ ಕೂಡಲೇ ಚುಂಯ್ ಅಂತ ಆವಿ ಒಡೆದು ಬರಬೇಕು. ಆ ಆವಿ ಬಂದ ದಾರಿಯೇ ತೂತು. ಕಾವಲಿ ತಣ್ಣಗಿದ್ದರೆ ತೂತು ಎಲ್ಲಿಂದ ಬರಬೇಕು? ಹೊರಗಿನಿಂದ ಒಳಗೆ ಎರೆದು, ಮುಚ್ಚಳ ಮುಚ್ಚಿ, ಅಂಚು ಬಿಟ್ಟ ಮೇಲೆ ಮಡಿಸಿ ತೆಗೆಯಿರಿ. ಒಮ್ಮೆ ಎರೆದಾದ ಮೇಲೆ ಹಿಟ್ಟು ಚೆನ್ನಾಗಿ ಕದಡಿ, ಅಕ್ಕಿ ಅಡಿಯಲ್ಲಿ ಕೂರುತ್ತದೆ.

ಹೊಸ_ಸೊಸೆ
ಥ್ಯಾಂಕ್ಸ್ ಅಕ್ಕಾ. ಈಗ ಅರ್ಥ ಆಯ್ತು. ನಮ್ಮತ್ತೆ ಸುಮ್ನೆ "ಕಾವು ಸಾಲದು" ಅಂತಾರೆ, ಯಾಕೆ ಅಂತ ಹೇಳಲ್ಲ.

ದಾವಣಗೆರೆ_ಬೆಣ್ಣೆ
ತೆಳು ದೋಸೆ ಯಾಕ್ರೀ ಬೇಕು? ಬೆಣ್ಣೆ ದೋಸೆ ತಿನ್ರಿ. ದಪ್ಪ ಇದ್ದೂ ಹೊರಗೆ ಗರಿಗರಿ, ಒಳಗೆ ಮೆತ್ತಗೆ.

ಬೇಲೂರು_ಬಾಣಲೆ
ಬೆಂಗಳೂರು ಮಸಾಲೆ ದೋಸೆಯೂ ಹಾಗೇ ಅಲ್ವಾ? ಗಾಂಧಿಬಜಾರಿನ ವಿದ್ಯಾರ್ಥಿ ಭವನ ಶುರುವಾಗಿದ್ದು 1943ರಲ್ಲಿ. ಅಲ್ಲಿನ ದೋಸೆ ಇವತ್ತಿಗೂ ತೆಳು ಕಾಗದ ಅಲ್ಲ. ಈ ಪೇಪರ್ ದೋಸೆ ನಮ್ಮದಲ್ಲವೇ ಅಲ್ಲ.

ಗರಿಗರಿ_ಬೇಕು
ಯಾರದ್ದಾದರೂ ಸರಿ, ನನಗೆ ತೆಳು ಇಷ್ಟ. 🙂 ವಿಷಯಕ್ಕೆ ಬನ್ನಿ. ಪಳಗಿಸೋದು?

ಕರಾವಳಿ_ಕಾವಲಿ
ಅಂಗಡಿಯವರ "ಪಳಗಿಸಿದ್ದು" ಅಂದರೆ ಹೆಚ್ಚಿನವು ಒಂದೆರಡು ಪದರ ಎಣ್ಣೆ ಸುಟ್ಟದ್ದು. ತುಕ್ಕು ಹಿಡಿಯದಿರಲು ಅಷ್ಟು ಸಾಕು. ತೆಳು ದೋಸೆ ಏಳಲು ಸಾಲದು.

ನಮ್ಮಲ್ಲಿ ಮಾಡುವುದು ಹೀಗೆ. ಹೊಸ ಕಾವಲಿಯನ್ನು ಅಕ್ಕಿ ತೊಳೆದ ನೀರಲ್ಲೋ ಗಂಜಿ ತಿಳಿಯಲ್ಲೋ ಎರಡು ಮೂರು ದಿನ ಮುಳುಗಿಸಿ ಇಡುವುದು, ದಿನಾ ನೀರು ಬದಲಿಸುವುದು, ನಾರಿನಿಂದ ತಿಕ್ಕುವುದು. ಕಪ್ಪು ಮಸಿ, ತುಕ್ಕು ಎಲ್ಲ ಬಿಡುತ್ತದೆ. ಆಮೇಲೆ ತೆಂಗಿನೆಣ್ಣೆ ಹಚ್ಚಿ ರಾತ್ರಿ ಇಡುವುದು. ಮರುದಿನ ಈರುಳ್ಳಿ ಹಾಕಿ ಕರಿಯಾಗುವವರೆಗೆ ಹುರಿದು ಬಿಸಾಡುವುದು. ನನ್ನ ಅಜ್ಜಿಯ ಕಾವಲಿ ಹೀಗೇ ಪಳಗಿದ್ದು, ಈಗಲೂ ದೋಸೆ ಊದಿದರೆ ಏಳುತ್ತದೆ.

ಮೀಟರ್_ಮನುಷ್ಯ
ಅಕ್ಕಿ ನೀರಿನ ತನಕ ಒಪ್ಪಿದೆ. ಆದರೆ ತೆಂಗಿನೆಣ್ಣೆ ಪಳಗಿಸೋಕೆ ಒಳ್ಳೆಯದಲ್ಲ. ಕಾವಲಿ ಮೇಲೆ ಕೂರುವ ಕಪ್ಪು ಪದರ ಎಣ್ಣೆಯ ಜಿಡ್ಡಲ್ಲ. ಎಣ್ಣೆ ಬಿಸಿಗೆ ಗಟ್ಟಿಯಾಗಿ ಕಬ್ಬಿಣಕ್ಕೆ ಅಂಟಿಕೊಂಡ ಹೊಸ ಪದಾರ್ಥ ಅದು. ಹಾಗೆ ಗಟ್ಟಿಯಾಗುವ ಗುಣ ಸೂರ್ಯಕಾಂತಿ, ಅಗಸೆ ಎಣ್ಣೆಗಳಿಗೆ ಜಾಸ್ತಿ, ತೆಂಗಿನೆಣ್ಣೆಗೆ ತೀರಾ ಕಮ್ಮಿ. ಅಗಸೆ ಎಣ್ಣೆಯ ಪದರ ನೋಡೋಕೆ ಚಂದ, ಆದರೆ ಚಕ್ಕೆ ಚಕ್ಕೆಯಾಗಿ ಏಳುತ್ತದೆ ಅನ್ನುವ ದೂರು ತುಂಬಾ ಕೇಳಿದ್ದೇನೆ. ನಾನು ಸೂರ್ಯಕಾಂತಿ ಎಣ್ಣೆಯನ್ನೇ ಬಳಸೋದು.

ಕರಾವಳಿ_ಕಾವಲಿ
ನಿಮ್ಮ ಲೆಕ್ಕ ಕಾವಲಿಗೆ ಗೊತ್ತಿಲ್ಲ ಅಂತ ಕಾಣುತ್ತದೆ. ಎಷ್ಟು ತಲೆಮಾರಿನಿಂದ ತೆಂಗಿನೆಣ್ಣೆಯಲ್ಲೇ ದೋಸೆ ಏಳುತ್ತಾ ಬಂದಿದೆ!

ಹಳೇ_ಹೋಟೆಲ್_ಭಟ್ಟ
ಇಬ್ಬರೂ ಹೇಳೋದು ನಿಜ. ದಿನಾ ದೋಸೆ ಎರೆಯುವ ಮನೆಯಲ್ಲಿ ಯಾವ ಎಣ್ಣೆಯಾದರೂ ಕಾಲಕ್ರಮೇಣ ಕಾವಲಿ ಪಳಗುತ್ತದೆ. ವಾರಕ್ಕೊಮ್ಮೆ ಎರೆಯುವವರು ಮೊದಲೇ ಗಟ್ಟಿ ಪದರ ಕೂರಿಸಿಕೊಳ್ಳಬೇಕು. ಅದಕ್ಕೆ ಸೂರ್ಯಕಾಂತಿ ವಾಸಿ. ಕಡಲೆಕಾಯಿ ಎಣ್ಣೆಯೂ ನಡೆಯುತ್ತದೆ.

ಗರಿಗರಿ ಅವರೇ, ನೀವು ಮಾಡಬೇಕಾದ್ದು ಇಷ್ಟು. ಕಾವಲಿ ತೊಳೆದು, ಒಲೆ ಮೇಲಿಟ್ಟು ಪೂರ್ತಿ ಒಣಗಿಸಿ. ಬೆಚ್ಚಗಿರುವಾಗ ಅರ್ಧ ಚಮಚ ಎಣ್ಣೆ ಹಾಕಿ ಬಟ್ಟೆಯಿಂದ ಎಲ್ಲಾ ಕಡೆ ಹಚ್ಚಿ. ಆಮೇಲೆ ಇನ್ನೊಂದು ಒಣ ಬಟ್ಟೆ ತಗೊಂಡು, ಹಚ್ಚಿದ್ದೇ ತಪ್ಪು ಅನ್ನುವ ಹಾಗೆ ಒರೆಸಿ ತೆಗೆಯಿರಿ. ಎಣ್ಣೆ ಉಳಿದೇ ಇಲ್ಲ ಅನ್ನಿಸಬೇಕು. ಕಣ್ಣಿಗೆ ಕಾಣದಷ್ಟು ಉಳಿದಿರುತ್ತದೆ, ಅಷ್ಟು ಸಾಕು. ಈಗ ಕಿಟಕಿ ತೆಗೆದು, ಮಧ್ಯಮ ಉರಿಯಲ್ಲಿ ತೆಳ್ಳಗೆ ಹೊಗೆ ಬರುವವರೆಗೆ ಕಾಯಿಸಿ. ಹೊಗೆ ತಾನಾಗಿ ನಿಲ್ಲುವವರೆಗೆ ಬಿಡಿ. ಬರ್ನರ್ ಚಿಕ್ಕದಾದರೆ ಕಾವಲಿಯನ್ನ ಆಗಾಗ ಸರಿಸಿ ಅಂಚಿಗೂ ಬಿಸಿ ತಾಗಿಸಿ. ಆರಿಸಿ, ತಣ್ಣಗಾಗಲಿ. ಇದನ್ನೇ ಮೂರು ನಾಲ್ಕು ಸಲ ಮಾಡಿ.

ಸರಿಯಾಯಿತಾ ಇಲ್ಲವಾ ಅಂತ ತಿಳಿಯೋಕೆ ತಣ್ಣಗಾದ ಕಾವಲಿ ಮೇಲೆ ಬೆರಳು ಎಳೆಯಿರಿ. ನುಣ್ಣಗೆ ಜಾರಬೇಕು, ಬೆರಳು ಒಣಗಿರಬೇಕು. ಅಂಟಂಟಾದರೆ ಎಣ್ಣೆ ಜಾಸ್ತಿ ಉಳಿದಿದೆ, ಇಲ್ಲಾ ಕಾವು ಸಾಲದೆ ಅರ್ಧಕ್ಕೆ ನಿಂತಿದೆ. ಅಂಟಿನ ಮೇಲೆ ಇನ್ನೊಂದು ಪದರ ಹಚ್ಚಬೇಡಿ. ಎಣ್ಣೆ ಹಾಕದೆ ಮತ್ತೆ ಕಾಯಿಸಿ, ಹೆಚ್ಚಿನ ಸಲ ಅದೇ ಗಟ್ಟಿಯಾಗುತ್ತದೆ. ಆಗದಿದ್ದರೆ ಉಜ್ಜಿ ತೆಗೆದು ಹೊಸದಾಗಿ ಶುರು ಮಾಡಬೇಕು.

ಬೇಲೂರು_ಬಾಣಲೆ
ಅದೇ ಕಾವಲಿ ಮೇಲೆ ಚಪಾತಿ ಮಾಡಬಹುದಾ? ನಮ್ಮನೇಲಿ ಇಟ್ಟುಕೊಳ್ಳೋಕೆ ಜಾಗ ಇಲ್ಲ, ಎರಡೆರಡು ತವಾ ಎಲ್ಲಿಡೋದು?

ಮಲ್ಲೇಶ್ವರಂ_ಅಜ್ಜಿ
ದೋಸೆ ಕಾವಲಿ ಮೇಲೆ ಚಪಾತಿ ಮಾಡಿದರೆ ಮನೇಲಿ ಜಗಳ ಆಗುತ್ತೆ.

ಹಳೇ_ಹೋಟೆಲ್_ಭಟ್ಟ
ಅಜ್ಜಿ ಮಾತು ಖರೆ. ಚಪಾತಿಗೆ ಎಣ್ಣೆ ಇಲ್ಲದೆ ಜೋರಾಗಿ ಕಾಯಿಸುತ್ತೇವೆ. ಉದುರಿದ ಒಣ ಹಿಟ್ಟು ಅಲ್ಲೇ ಸುಟ್ಟು ಪುಡಿಪುಡಿಯಾಗಿ ಅಂಟುತ್ತದೆ. ಮೇಲಿನ ಪದರವೂ ಸುಟ್ಟು ಬೂದು ಬಣ್ಣಕ್ಕೆ ತಿರುಗುತ್ತದೆ. ಮರುದಿನ ದೋಸೆ ಅಲ್ಲಲ್ಲೇ ಕಚ್ಚುತ್ತದೆ. ಮಾಡಲೇಬೇಕು ಅಂದರೆ ಆಮೇಲೆ ಒರೆಸಿ, ಒಂದು ಪದರ ಎಣ್ಣೆ ಮತ್ತೆ ಸುಡಿ. ಟೊಮೆಟೊ, ಹುಣಸೆಹುಳಿ ಹಾಕಿದ್ದನ್ನ ಮಾತ್ರ ಅದರಲ್ಲಿ ಕುದಿಸಬೇಡಿ, ಹುಳಿ ಪದರವನ್ನ ತಿಂದುಹಾಕುತ್ತದೆ.

ಶಿರಸಿ_ಸೌಟು
ಹಂಗಾದ್ರೆ ದೋಸೆ ಹಿಟ್ಟೂ ಹುಳಿ ಅಲ್ವಾ?

ಹಳೇ_ಹೋಟೆಲ್_ಭಟ್ಟ
ಹೌದು. ಆದರೆ ಎರಡು ಮೂರು ನಿಮಿಷದಲ್ಲಿ ಎದ್ದು ಹೋಗುತ್ತದೆ, ಜೊತೆಗೆ ಪ್ರತಿ ಸಲ ಎಣ್ಣೆ ಬೀಳುತ್ತದೆ. ಸಾರು ಅರ್ಧ ಗಂಟೆ ಕುದಿಯುವುದೇ ಬೇರೆ.

ಮೈಸೂರು_ಮ್ಯೂನಿಕ್
ಈರುಳ್ಳಿ ಯಾಕೆ ಉಜ್ಜೋದು ಅಂತ ಯಾರಾದರೂ ಹೇಳ್ತೀರಾ? ಇಲ್ಲಿ ಗೆಳೆಯರು ನೋಡಿ ನಗ್ತಾರೆ.

ಕರಾವಳಿ_ಕಾವಲಿ
ನಾವು ಬದನೆಕಾಯಿ ತೊಟ್ಟಿನಲ್ಲಿ ಉಜ್ಜುವುದು. ತೊಟ್ಟು ಹಿಡಿಯಲಿಕ್ಕೂ ಆಯಿತು. ಕೆಲವರು ತೆಂಗಿನ ನಾರಿನ ಕಟ್ಟು.

ಮಲ್ಲೇಶ್ವರಂ_ಅಜ್ಜಿ
ಈರುಳ್ಳಿ ತಿನ್ನದವರ ಮನೇಲೂ ದೋಸೆ ಏಳುತ್ತಪ್ಪ. ಎಣ್ಣೆ ಅದ್ದಿದ ಬಟ್ಟೆ ಗಂಟು ಸಾಕು.

ಹಳೇ_ಹೋಟೆಲ್_ಭಟ್ಟ
ಈರುಳ್ಳಿಯಲ್ಲಿ ಮಂತ್ರ ಇಲ್ಲ. ಎಣ್ಣೆಯನ್ನ ಎಲ್ಲಾ ಕಡೆ ಒಂದೇ ಸಮ ತೆಳ್ಳಗೆ ಸವರುತ್ತದೆ, ಜಾಸ್ತಿ ಇದ್ದದ್ದನ್ನ ತಳ್ಳುತ್ತದೆ, ತನ್ನ ರಸದಿಂದ ಮೇಲ್ಮೈ ಸ್ವಲ್ಪ ತಣಿಸುತ್ತದೆ. ಬಟ್ಟೆಯೂ ಇದೇ ಕೆಲಸ ಮಾಡುತ್ತದೆ.

ಇದರಲ್ಲಿ ಮುಖ್ಯ ಎಣ್ಣೆ ಜಾಸ್ತಿ ಉಳಿಯದಿರುವುದು. ಹಿಟ್ಟು ತೆಳುವಾಗಿ ಹರಡಬೇಕಾದರೆ ಅದು ಕಾವಲಿಯನ್ನ ಸ್ವಲ್ಪ ಹಿಡಿದುಕೊಳ್ಳಬೇಕು. ಎಣ್ಣೆ ನಿಂತಿದ್ದರೆ ಹಿಟ್ಟು ಅದರ ಮೇಲೆ ಜಾರುತ್ತದೆ, ಸೌಟು ತಿರುಗಿಸಿದ ಕಡೆಗೆ ಪೂರ್ತಿ ಮುದ್ದೆ ತಿರುಗುತ್ತದೆ. ಅಕ್ಕನ ಎರಡನೇ ದೋಸೆಗೆ ಕಾವೂ ಜಾಸ್ತಿ, ಎಣ್ಣೆಯೂ ಜಾಸ್ತಿ. ಹಾಕುವ ಎಣ್ಣೆ ಹರಡಿದ ಮೇಲೆ ಹಾಕಿ. ಮೇಲಿನ ಹಸಿ ಹೊಳಪು ಹೋಗಿ ಮಂಕಾದಾಗ ಅಂಚಿನ ಸುತ್ತ ಒಂದು ಚಮಚ, ಮೇಲೆ ಒಂದೆರಡು ಹನಿ.

ಗರಿಗರಿ_ಬೇಕು
ಭಟ್ರು ಹೇಳಿದ ಹಾಗೆ ನಾಲ್ಕು ಪದರ ಕೂರಿಸಿದೆ. ಅಡುಗೆಮನೆಯೆಲ್ಲ ಹೊಗೆ, ಗಂಡ ಕಿಟಕಿ ಹತ್ತಿರ ನಿಂತು ಕೆಮ್ಮಿದರು. ಬೆಳಿಗ್ಗೆ ದೊಡ್ಡ ಬರ್ನರ್ ಮೇಲೆ, ಸಣ್ಣಕ್ಕಿಂತ ಸ್ವಲ್ಪ ಮೇಲೆ, ಏಳೆಂಟು ನಿಮಿಷ ಕಾಯಿಸಿದೆ. ಹನಿ ಹಾಕಿದರೆ ಚುಂಯ್ ಅಂದು ಅಲ್ಲೇ ಆರಿತು. ಈರುಳ್ಳಿಯಿಂದ ಸವರಿ, ಒದ್ದೆ ಬಟ್ಟೆಯಿಂದ ಒರೆಸಿ, ಹಬೆ ಹೋದ ಮೇಲೆ ಒಂದು ಸೌಟು ಹಿಟ್ಟು ನಡುವೆ ಹುಯ್ದೆ. ಹರಡಿತು! ಸೌಟಿನ ಜೊತೆ ಎದ್ದು ಬರಲೇ ಇಲ್ಲ. ಉರಿ ಏರಿಸಿದೆ. ಅಂಚು ತಾನಾಗಿ ಬಿಟ್ಟುಕೊಂಡಿತು, ನಡುವೆ ಕೆಂಪು ಬಣ್ಣ ಮೇಲಿನಿಂದಲೇ ಕಾಣಿಸ್ತು. ಕೆರೆಯದೆ ಎದ್ದ ಮೊದಲ ದೋಸೆ ನಮ್ಮನೇಲಿ.

ಉಳಿದದ್ದು ಎರಡು ತಕರಾರು. ಹೊರಗಿನ ಎರಡು ಬೆರಳಗಲ ಇನ್ನೂ ಬಿಳಿಚಿಕೊಂಡಿದೆ. ಮತ್ತೆ ತಟ್ಟೆಗೆ ಹಾಕಿ ಸ್ವಲ್ಪ ಹೊತ್ತಿಗೇ ಮೆತ್ತಗಾಗುತ್ತದೆ.

ಮೀಟರ್_ಮನುಷ್ಯ
ಬಿಳಿ ಅಂಚಿಗೆ ದಾರಿ ಎರಡೇ. ಒಂದು, ದೋಸೆಯನ್ನ ಬಿಸಿ ಇರುವಷ್ಟಕ್ಕೇ ಹರಡಿ, 12 ಇಂಚಿನ ಕಾವಲಿಯಲ್ಲಿ 9 ಇಂಚಿನ ದೋಸೆ. ಇನ್ನೊಂದು, ದೋಸೆ ಹುಯ್ದ ಮೇಲೆ ಕಾವಲಿಯನ್ನ ಬರ್ನರ್ ಮೇಲೆ ಪಕ್ಕಕ್ಕೆ ಸರಿಸಿ, ನಾಲ್ಕು ಕಡೆಗೂ ಒಂದಿಷ್ಟು ಹೊತ್ತು ಉರಿ ತಾಗಿಸಿ. ಹೋಟೆಲಿನ ಹಲಗೆ ಕೆಳಗೆ ಉದ್ದಕ್ಕೂ ಬರ್ನರ್ ಇರುತ್ತದೆ. ಮನೆ ಒಲೆಯಲ್ಲಿ ಆ ಭಾಗ್ಯ ಇಲ್ಲ.

ಹಳೇ_ಹೋಟೆಲ್_ಭಟ್ಟ
ಮೆತ್ತಗಾಗೋದು ನೀರು ಪೂರ್ತಿ ಹೋಗದಿದ್ದರೆ. ಹಿಟ್ಟಿನಲ್ಲಿ ನೀರು ಇರುವವರೆಗೂ ಅದರ ಬಿಸಿ 100ರ ಆಸುಪಾಸಿನಲ್ಲೇ ನಿಲ್ಲುತ್ತದೆ, ಬಣ್ಣ ಬರುವುದಿಲ್ಲ. ನೀರು ಹೋದ ಮೇಲೆ ಅಡಿಭಾಗ 150ರ ಕಡೆ ಏರಿದಾಗಲೇ ಕೆಂಪು, ಗರಿ ಎರಡೂ. ಜೋರು ಉರಿಯಲ್ಲಿ ಬಣ್ಣ ಬೇಗ ಬಂತು ಅಂತ ತೆಗೆದರೆ ಮೇಲ್ಭಾಗದ ನೀರು ಒಳಗೇ ಇರುತ್ತದೆ. ತಟ್ಟೆಗೆ ಬಂದ ಮೇಲೆ ಅದೇ ಕೆಳಗಿಳಿದು ಮೆತ್ತಗೆ ಮಾಡುತ್ತದೆ. ಹರಡಿದ ಮೇಲೆ ಮಧ್ಯಮಕ್ಕೆ ಏರಿಸಿ, ಪೂರ್ತಿ ಜೋರು ಬೇಡ. ಮುಚ್ಚಳ ಮುಚ್ಚಬೇಡಿ. ಮೊದಲು ಕೇಳುವ ಚರಚರ ಸದ್ದು ಕಮ್ಮಿಯಾಗುತ್ತಾ ಬರುತ್ತದೆ. ನೀರು ಮುಗೀತಾ ಬಂತು ಅಂತ ಲೆಕ್ಕ. ಆಗ ತೆಗೆಯಿರಿ.

ಇನ್ನೊಂದು ಮಾತು. ಹರಡಿದ ಮೇಲೆ ಸುತ್ತುಗಳ ನಡುವೆ ಹಿಟ್ಟಿನ ದಿಣ್ಣೆ ಉಳಿಯುತ್ತದೆ. ಮಗುಚುವ ಕೈಯಿಂದ ಮೇಲಿನ ಹಸಿ ಹಿಟ್ಟನ್ನ ಮೆಲ್ಲಗೆ ಕೆರೆದು ತೆಗೆಯಿರಿ. ಪೇಪರ್ ದೋಸೆ ತೆಳ್ಳಗಾಗೋದು ಅರ್ಧ ಸೌಟಿನಿಂದ, ಅರ್ಧ ಈ ಕೆರೆತದಿಂದ.

ಶಿರಸಿ_ಸೌಟು
ಫ್ರಿಜ್ಜಿನಿಂದ ತೆಗೆದ ಹಿಟ್ಟು ಹಾಗೇ ಹುಯ್ದರೆ ಕಾವಲಿ ತಣ್ಣಗಾಗಿ ದೋಸೆ ಕಚ್ಚುತ್ತದೆ. ಅದನ್ನ ಯಾರೂ ಹೇಳಲಿಲ್ಲ.

ಬೇಲೂರು_ಬಾಣಲೆ
ನನಗೆ ಉಲ್ಟಾ. ತಣ್ಣನೆ ಹಿಟ್ಟು ಬೇಗ ಬೇಯೋದಿಲ್ಲ, ಹರಡೋಕೆ ಟೈಮ್ ಸಿಗುತ್ತದೆ. ಜಾಸ್ತಿ ತೆಳ್ಳಗೆ ಬರುತ್ತದೆ.

ಹಳೇ_ಹೋಟೆಲ್_ಭಟ್ಟ
ದಪ್ಪ ಕಾವಲಿ ಇದ್ದವರಿಗೆ ಬಾಣಲೆಯವರ ಮಾತು, ತೆಳು ತವಾ ಇದ್ದವರಿಗೆ ಸೌಟಿನವರ ಮಾತು ಇರಬಹುದು. ನಾನು ಹೋಟೆಲಿನಲ್ಲಿ ತಣ್ಣನೆ ಹಿಟ್ಟು ಬಳಸಿದವನಲ್ಲ. ಇದರಲ್ಲಿ ತೀರ್ಪು ಕೊಡಲ್ಲ.

ಶಿರಸಿ_ಸೌಟು
ನಮ್ಮದೂ ದಪ್ಪ ಕಾವಲಿಯೇ ಸ್ವಾಮಿ. ಕಚ್ಚುತ್ತೆ ಅಂದರೆ ಕಚ್ಚುತ್ತೆ.

ಹೊಸ_ಸೊಸೆ
ನಾನ್‌ಸ್ಟಿಕ್ ಇದ್ದವರು ಏನು ಮಾಡಬೇಕು? ಅದರ ಮೇಲೆ ಹಿಟ್ಟು ಸುಮ್ನೆ ಜಾರಾಡ್ತದೆ.

ಮೀಟರ್_ಮನುಷ್ಯ
ಅದರ ಕೆಲಸವೇ ಹಿಡಿಯದಿರೋದು. ಹಾಗಾಗಿ ಇನ್ನೂ ಕಮ್ಮಿ ಕಾವಿನಲ್ಲಿ ಹರಡಬೇಕು, ಎಣ್ಣೆ ಮೊದಲು ಬೇಡವೇ ಬೇಡ. ಪಳಗಿಸೋ ಸಾಹಸಕ್ಕೂ ಹೋಗಬೇಡಿ, ಖಾಲಿ ಇಟ್ಟು ಜೋರು ಉರಿಯಲ್ಲಿ ಬಿಡಲೂಬೇಡಿ. 260 ಡಿಗ್ರಿ ದಾಟಿದರೆ ಆ ಲೇಪನ ಹಾಳಾಗೋಕೆ ಶುರು. ಖಾಲಿ ತವಾ ಅಷ್ಟು ಬಿಸಿಯಾಗೋಕೆ ಕೆಲವೇ ನಿಮಿಷ ಸಾಕು.

ಮೈಸೂರು_ಮ್ಯೂನಿಕ್
ಇಲ್ಲಿ ನಮ್ಮದು ಇಂಡಕ್ಷನ್ ಒಲೆ. ಡಿಗ್ರಿ ಸೆಟ್ ಮಾಡೋ ಬಟನ್ ಇದೆ. 180 ಇಟ್ಟರೆ ಭಟ್ಟರ ಲೆಕ್ಕಕ್ಕೆ ಸರಿ ಹೋಗಬೇಕಲ್ವಾ? ಹನಿ ಹಾಕಿದರೆ ನಡುವೆ ಗೋಲಿ ಥರ ಓಡುತ್ತೆ, ಅಂಚಲ್ಲಿ ಸದ್ದೇ ಇಲ್ಲ.

ಮೀಟರ್_ಮನುಷ್ಯ
ಆ 180 ಸಾಮಾನ್ಯವಾಗಿ ಗಾಜಿನ ಕೆಳಗಿರುವ ಸೆನ್ಸರ್ ಓದಿದ್ದು, ಕಾವಲಿ ಮೇಲಿನದ್ದಲ್ಲ. ಜೊತೆಗೆ ಕೆಳಗಿನ ಕಾಯಿಲ್ ನಿಮ್ಮ ಕಾವಲಿಗಿಂತ ಚಿಕ್ಕದಿರಬೇಕು, ಅದರ ಅಗಲಕ್ಕಷ್ಟೇ ಬಿಸಿ. ಕಮ್ಮಿ ಪವರ್‌ನಲ್ಲಿ ಹತ್ತು ನಿಮಿಷ ಬಿಡಿ, ಆಮೇಲೆ ಅಂಚಿಗೊಂದು ನಡುವಿಗೊಂದು ಹನಿ ಹಾಕಿ. ಒಮ್ಮೆಲೇ ಫುಲ್ ಪವರ್ ಕೊಡಬೇಡಿ. ನಡುವೆ ಮಾತ್ರ ದಿಢೀರ್ ಕಾದರೂ ಬೀಡು ಸೀಳುತ್ತದೆ.

ಮೈಸೂರು_ಮ್ಯೂನಿಕ್
ಸರಿ ಸಾರ್, ಭಾನುವಾರ ನೋಡ್ತೀನಿ. ಬದನೆಕಾಯಿ ತೊಟ್ಟು ಅಂದ್ರಲ್ಲ, ಇಲ್ಲಿ ಸಿಗೋದು ಆ ದಪ್ಪ ಗುಂಡು ಬದನೆಕಾಯಿ. ನಡೆಯುತ್ತಾ?

ಕರಾವಳಿ_ಕಾವಲಿ
ನಡೆಯುತ್ತದೆ ಮಾರಾಯ್ರೆ. ಉಳಿದದ್ದರಲ್ಲಿ ಗೊಜ್ಜು ಮಾಡಿ, ದೋಸೆಗೆ ಆಗುತ್ತದೆ.